ಕಣದ ಗೇಮ್ ಮುಗಿಯಿತು, ಇವರಿಗೆಲ್ಲ ಥ್ಯಾಂಕ್ಸ್

ಭಾನುವಾರ ಸಂಜೆ ನಮ್ಮ ಪುಟ್ಟ ಗೇಮ್ ಸಲ್ಲಿಕೆಯಾಯಿತು. 48 ಗಂಟೆಯೊಳಗೆ ಒಂದು ಗೇಮ್ ಮಾಡಿ ಮುಗಿಸುವ ಗೇಮ್ ಜಾಮ್, ನಾವು ಮೂರೇ ಜನ. ಕೋಡ್‌ಗೆ ನಾನು, ಚಿತ್ರಕ್ಕೆ ಚಿಕ್ಕಮ್ಮನ ಮಗಳು, ಸೌಂಡ್‌ಗೆ ಕುಶಾಲನಗರದ ಗೆಳೆಯ. ಬಹುಮಾನದ ಮಾತು ಆಮೇಲೆ. ಮೊದಲಿಂದ ಕೊನೆವರೆಗೂ ಆಡಬಹುದಾದ ಒಂದು ಗೇಮ್ ನಮ್ಮ ಕೈಯಲ್ಲಿದೆ, ಸದ್ಯಕ್ಕೆ ಅಷ್ಟು ಸಾಕು.

ಮೊದಲ ಥ್ಯಾಂಕ್ಸ್ ಸೋಮವಾರಪೇಟೆಯ ಚಿಕ್ಕಪ್ಪನಿಗೆ. ಜಾಮ್‌ನ ಥೀಮ್ ‘ಕಾಯುವುದು’ ಅಂತ ಬಂದಾಗ ನಾವು ಇಡೀ ಕಾಫಿ ತೋಟವನ್ನೇ ಗೇಮ್ ಮಾಡಲು ಹೊರಟಿದ್ದೆವು. ಹಣ್ಣು ಕೊಯ್ಯಬೇಕು, ಆನೆ ಓಡಿಸಬೇಕು, ರೇಟು ನೋಡಿ ಮಾರಬೇಕು. ಎಲ್ಲ ಕೇಳಿಸಿಕೊಂಡ ಚಿಕ್ಕಪ್ಪ, "ಅದೆಲ್ಲ ಇರಲಿ ಮಗಾ, ಆಡುವವನು ಕೈಯಲ್ಲಿ ಏನು ಮಾಡ್ತಾನೆ?" ಎಂದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಆಮೇಲೆ ಅವರೇ ಜನವರಿಯಲ್ಲಿ ಅಕಾಲಕ್ಕೆ ಬರುವ ಮಳೆಯ ಕಥೆ ಹೇಳಿದರು. ಕಣದಲ್ಲಿ ಹಣ್ಣು ಹರಡಿದೆ, ಮೋಡ ಕಟ್ಟಿದೆ. ಟಾರ್ಪಾಲು ಈಗಲೇ ಎಳೆಯುವುದಾ, ಇನ್ನೊಂದು ಸ್ವಲ್ಪ ಬಿಸಿಲು ಹಿಡಿಯುವುದಾ?

ಅದೇ ನಮ್ಮ ಕೋರ್ ಲೂಪ್, ಅಂದರೆ ಆಡುವವರು ಮತ್ತೆ ಮತ್ತೆ ಮಾಡುವ ಕೆಲಸ ಆಯಿತು. ಬಿಸಿಲಿಗೆ ತೆಗೆ, ಮೋಡ ನೋಡು, ಮುಚ್ಚು, ಮತ್ತೆ ತೆಗೆ. ಒಂದೇ ಬಟನ್. ಒಂದು ಆಟಕ್ಕೆ 90 ಸೆಕೆಂಡು. ಅಷ್ಟರಲ್ಲಿ ಒಣಗುವಿಕೆ 100 ಮುಟ್ಟಬೇಕು. ಗೊಡಾಟ್ ಅನ್ನುವ ಗೇಮ್ ಎಂಜಿನ್‌ನಲ್ಲಿ ಇದರ ಜೀವಾಳ ಇಷ್ಟೇ:

```gdscript
if not covered:
    if raining:
        dryness -= 8.0 * delta
    else:
        dryness += 3.0 * delta
```

ಎರಡನೇ ಥ್ಯಾಂಕ್ಸ್ ತೋಟದ ಲೈನ್ ಮನೆಯ ಅಕ್ಕನಿಗೆ. ವರ್ಷಗಟ್ಟಲೆ ಕಣದಲ್ಲಿ ಕೆಲಸ ಮಾಡಿದವರು. ಶನಿವಾರ ಬೆಳಿಗ್ಗೆ ಅವರ ಮುಂದೆ ಲ್ಯಾಪ್‌ಟಾಪ್ ಇಟ್ಟಾಗ ಅದರಲ್ಲಿ ಒಂದೂ ಚಿತ್ರ ಇರಲಿಲ್ಲ. ಕಂದು ಚೌಕ ಅಂದರೆ ಕಾಫಿ, ನೀಲಿ ಚೌಕ ಅಂದರೆ ಟಾರ್ಪಾಲು. ಹೇಗೆ ಆಡಬೇಕು ಅಂತ ನಾವು ಹೇಳಿಕೊಡಲಿಲ್ಲ, ಸುಮ್ನೆ ಪಕ್ಕದಲ್ಲಿ ನಿಂತು ನೋಡಿದೆವು. ಮೋಡದ ನೆರಳು ಬಿದ್ದ ಕೂಡಲೇ ಅಕ್ಕ ಮುಚ್ಚಿಬಿಡುತ್ತಿದ್ದರು. ಪ್ರತಿ ಸಲವೂ ಆರಾಮಾಗಿ ಗೆದ್ದರು. "ಇದರಲ್ಲಿ ಹೆದರಿಕೆನೇ ಇಲ್ವಲ್ಲ" ಎಂದು ಎದ್ದರು.

ಇಂಥ ಹೊತ್ತಲ್ಲಿ ಹೊಸ ಫೀಚರ್ ಸೇರಿಸುವ ಆಸೆ ಬರುತ್ತದೆ. ಗೆಳೆಯ ಬಿಡಲಿಲ್ಲ, ಪೆನ್ನು ಹಿಡಿದು ಲೆಕ್ಕ ಹಾಕಿದ. ನಾಲ್ಕು ಮೋಡ, ಒಂದೊಂದು 8 ಸೆಕೆಂಡು ಸುರಿದರೆ 32 ಸೆಕೆಂಡು ಮಳೆ. ಉಳಿದ ಬಿಸಿಲು 58. ಸೆಕೆಂಡಿಗೆ 3ರಂತೆ ಒಣಗಿದರೆ 34 ಸೆಕೆಂಡೇ ಸಾಕು. 24 ಸೆಕೆಂಡು ಬಿಸಿಲು ಪುಕ್ಕಟೆ! ಹಾಗಾಗಿ 3.0 ಅನ್ನು 2.0 ಮಾಡಿದೆವು. ಈಗ 50 ಸೆಕೆಂಡು ಬಿಸಿಲು ಬೇಕೇ ಬೇಕು. ಒಂದು ಮೋಡಕ್ಕೆ ಸರಾಸರಿ 2 ಸೆಕೆಂಡು ಮಾತ್ರ ಕಳೆದುಕೊಳ್ಳಬಹುದು, ಮಳೆ ನಿಂತ ಮೇಲೆ ತೆಗೆಯಲು ತಡ ಮಾಡಿದ್ದೂ ಅದರಲ್ಲೇ ಸೇರಿತು. ನೆರಳು ಬೀಳುವುದು ಮಳೆಗೆ 4 ಸೆಕೆಂಡು ಮುಂಚೆ. ನೆರಳು ಕಂಡ ತಕ್ಷಣ ಮುಚ್ಚುತ್ತಾ ಹೋದರೆ 84ಕ್ಕೇ ನಿಂತುಬಿಡುತ್ತದೆ. ಕಾದು ಕಾದು ಮಳೆಗೆ ಒಂದು ಸೆಕೆಂಡು ಸಿಕ್ಕಿಬಿದ್ದರೆ 8 ಹೋಯಿತು, ಅಂದರೆ 4 ಸೆಕೆಂಡಿನ ಬಿಸಿಲು ನೀರುಪಾಲು. ಮಧ್ಯಾಹ್ನ ಅಕ್ಕ ಮತ್ತೆ ಆಡಿದರು, ಸೋತರು. ಕೇಳದೇ ಇನ್ನೊಂದು ಆಟ ಶುರು ಮಾಡಿದರು. ಆಗ ಚಿತ್ರ ಬರೆಯಲು ಕೂತೆವು.

ತಂಗಿಗೆ ದೊಡ್ಡ ಥ್ಯಾಂಕ್ಸ್. ಅವಳಿಗೆ ಆನೆ ಬರೆಯುವ ಆಸೆ ತುಂಬಾ ಇತ್ತು. ಆದರೆ ಮುಚ್ಚಬೇಕಾ ತೆರೆಯಬೇಕಾ ಅನ್ನುವ ನಿರ್ಧಾರವನ್ನು ಬದಲಿಸದ ಯಾವುದೂ ಬೇಡ ಅಂತ ನಮ್ಮಲ್ಲಿ ಮೊದಲೇ ಮಾತಾಗಿತ್ತು. ಆನೆ ನಡೆಯಬೇಕು, ತಿರುಗಬೇಕು, ಘೀಳಿಡಬೇಕು. ಅವಳ ಅರ್ಧ ದಿನ, ನನ್ನ ಅರ್ಧ ದಿನ ಅಲ್ಲಿಗೇ ಹೋಗುತ್ತಿತ್ತು. ಬೈಕೊಂಡೇ ಬಿಟ್ಟುಕೊಟ್ಟಳು. ಅದರ ಬದಲು ಕಣದ ಮೇಲೆ ಸರಿಯುವ ಆ ನೆರಳನ್ನು ಎಷ್ಟು ಚೆಂದ ಮಾಡಿದಳು ಅಂದರೆ, ಎಚ್ಚರಿಕೆಗೆ ಬೇರೆ ಗುರುತೇ ಬೇಕಾಗಲಿಲ್ಲ.

ಶನಿವಾರ ರಾತ್ರಿಯೇ ಬ್ರೌಸರ್‌ನಲ್ಲಿ ಆಡುವಂಥ ವೆಬ್ ಬಿಲ್ಡ್ ತೆಗೆದು, ಗೇಮ್ ಹಂಚಿಕೊಳ್ಳುವ ತಾಣ itch.io ಗೆ ಹಾಕಿ ನೋಡಿದ್ದು ಗೆಳೆಯನ ಹಟದಿಂದ. ಬ್ರೌಸರ್‌ನಲ್ಲಿ ಮಳೆ ಸದ್ದೇ ಇಲ್ಲ! ಆಡುವವರು ಒಮ್ಮೆ ಕ್ಲಿಕ್ ಮಾಡುವವರೆಗೆ ಬ್ರೌಸರ್ ಸದ್ದು ಹೊರಡಿಸುವುದಿಲ್ಲ. ಮೊದಲ ಪರದೆಗೆ ‘ಶುರು’ ಅನ್ನುವ ಬಟನ್ ಇಟ್ಟೆವು, ಸರಿಹೋಯಿತು. ಇದು ಕೊನೇ ಗಂಟೆಯಲ್ಲಿ ಗೊತ್ತಾಗಿದ್ದರೆ ಕಷ್ಟ ಇತ್ತು.

ಕರೆಂಟ್ ಕೈಕೊಟ್ಟಾಗ ಇನ್ವರ್ಟರ್ ಇರುವ ಕೋಣೆಯನ್ನೇ ಬಿಟ್ಟುಕೊಟ್ಟ ಪಕ್ಕದ ಮನೆ ಅಂಕಲ್‌ಗೂ, ಹೊತ್ತು ಹೊತ್ತಿಗೆ ಕಡಂಬುಟ್ಟು ಕಳಿಸಿದ ಆಂಟಿಗೂ ಥ್ಯಾಂಕ್ಸ್. ಭಾನುವಾರ ಮಧ್ಯಾಹ್ನದ ಮೇಲೆ ಹೊಸದೇನೂ ಸೇರಿಸಲಿಲ್ಲ. ಕನ್ನಡಕ ಇಲ್ಲದೆ ಓದಲು ಆಗಲ್ಲ ಅಂತ ಅಕ್ಕ ಹೇಳಿದ್ದರಿಂದ ಅಕ್ಷರ ಮಾತ್ರ ದೊಡ್ಡದು ಮಾಡಿದೆವು. ಮೊಬೈಲ್‌ಗೆ ಇನ್ನೂ ಹೊಂದಿಸಿಲ್ಲ, ಲ್ಯಾಪ್‌ಟಾಪ್‌ನಲ್ಲಿ ಆಡಿ. ‘ಶುರು’ ಒತ್ತಿದ ಮೇಲೆ ಸ್ಪೇಸ್‌ಬಾರ್ ಒಂದಿದ್ದರೆ ಸಾಕು.