ಚೈನ್ ತರಿಸುವ ಮೊದಲು ಬಾರ್ ನೋಡು

ಮಗಾ,

ಮರ ಕೊಯ್ಯುವ ಮೆಷಿನ್‌ಗೆ ಯಾವ ಚೈನ್ ತರಿಸಬೇಕು ಅಂತ ಕೇಳಿ ನೀನು ಕಳಿಸಿದ ಫೋಟೋ ನೋಡಿದೆ. ಕಿತ್ತಳೆ ಬಣ್ಣ, ಮೇಲೆ 58 ಸಿಸಿ ಅಂತ ಸ್ಟಿಕ್ಕರ್, ಅಷ್ಟೇ ಕಾಣುತ್ತದೆ. ಅದನ್ನು ನೋಡಿ ಚೈನ್ ಹೇಳುವುದಕ್ಕೆ ಆಗುವುದಿಲ್ಲ. ಇದೇ ಮೈ, ಇದೇ ಬಣ್ಣದ ಮೆಷಿನ್ ಹತ್ತಾರು ಹೆಸರಿನಲ್ಲಿ ಬರುತ್ತವೆ, ಮೇಲಾಗಿ ನಿನ್ನದು ಸೆಕೆಂಡ್ ಹ್ಯಾಂಡ್, ಹಿಂದಿನವರು ಚೈನ್ ಸುತ್ತುವ ಉದ್ದ ಪಟ್ಟಿ, ಅಂದರೆ ಬಾರ್, ಬದಲಿಸಿದ್ದರೂ ಬದಲಿಸಿರಬಹುದು. ಚೈನ್ ಕೂರುವುದು ಬಾರ್ ಮೇಲೆ ತಾನೇ, ಹಾಗಾಗಿ ಫೋಟೋ ಬೇಕಾಗಿರುವುದು ಅದರದ್ದು.

ಮೊದಲು ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಕಿತ್ತುಬಿಡು, ಗ್ಲೌಸ್ ಹಾಕಿಕೋ. ಸೈಡ್ ಕವರ್ ಬಿಚ್ಚಿ ಬಾರ್ ಹೊರಗೆ ತೆಗೆ. ಮೆಷಿನ್‌ಗೆ ಸಿಕ್ಕಿಸುವ ತುದಿಯನ್ನು ಎಣ್ಣೆ, ಮರದ ಪುಡಿ ಹೋಗುವ ಹಾಗೆ ಒರೆಸಿದರೆ ಸಾಮಾನ್ಯವಾಗಿ ಅಲ್ಲಿ ಕೊರೆದ ಅಕ್ಷರ ಸಿಗುತ್ತದೆ. ಇಂಥ ಮೆಷಿನ್‌ನ 22 ಇಂಚಿನ ಬಾರ್‌ನಲ್ಲಿ ಹೆಚ್ಚಾಗಿ .325, .058, 86 ಅಂತ ಇರುತ್ತದೆ, 20 ಇಂಚಿನದಾದರೆ ಕೊನೆಯದು 76. ಮೊದಲನೆಯದು ಪಿಚ್, ಎರಡನೆಯದು ಗೇಜ್, ಮೂರನೆಯದು ಬಾರ್‌ನ ಸಂದಿನೊಳಗೆ ಇಳಿಯುವ ಹಲ್ಲುಗಳ ಲೆಕ್ಕ. ಅಂಗಡಿಯವರಿಗೆ ಈ ಮೂರೇ ಬೇಕು. ಸುಮ್ನೆ "22 ಇಂಚಿನ ಚೈನ್ ಕೊಡಿ" ಅಂದರೆ ಯಾವುದೋ ಒಂದು ಬರುತ್ತದೆ.

ಅಕ್ಷರ ಸವೆದು ಹೋಗಿದ್ದರೆ ಹಳೇ ಚೈನನ್ನೇ ಅಳೆ. ಪೇಪರ್ ಮೇಲೆ ನೇರವಾಗಿ ಹಾಸು, ಪಕ್ಕದಲ್ಲಿ ಮಿಲಿಮೀಟರ್ ಸ್ಕೇಲ್ ಇಡು. ಒಂದರ ಪಕ್ಕ ಒಂದಿರುವ ಮೂರು ರಿವೆಟ್ ತಗೋ, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಎಷ್ಟಿದೆ ನೋಡು. ಅದರ ಅರ್ಧವನ್ನು ಇಂಚಿನಲ್ಲಿ ಹೇಳಿದರೆ ಅದೇ ಪಿಚ್. 16.5 ಮಿ.ಮೀ. ಬಂದರೆ .325. 19ರ ಹತ್ತಿರ ಬಂದರೆ 3/8, ಆಗ ಅದರಲ್ಲಿ ಚಿಕ್ಕ ಮೆಷಿನ್‌ಗಳ ಲೋ ಪ್ರೊಫೈಲ್ ಬೇರೆ ಇದೆ, ಅದನ್ನೂ ಕೇಳಿಕೊಳ್ಳಬೇಕು. ಗೇಜ್ ಅಂದರೆ ಸಂದಿಗೆ ಇಳಿಯುವ ಹಲ್ಲಿನ ದಪ್ಪ. .058 ಅಂದರೆ ಸುಮಾರು 1.5 ಮಿ.ಮೀ., .050 ಅಂದರೆ 1.3. ಇದು ಸ್ಕೇಲಿನಲ್ಲಿ ಗೊತ್ತಾಗುವುದಿಲ್ಲ, ವರ್ನಿಯರ್ ಬೇಕು. ಹಲ್ಲು ಎಣಿಸುವಾಗ ಒಂದಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿ ಶುರು ಮಾಡು, ಇಲ್ಲದಿದ್ದರೆ ಎಲ್ಲಿ ಮುಗಿಸಬೇಕು ಅಂತಲೇ ತಿಳಿಯುವುದಿಲ್ಲ. ಮೇಲಿನ ಕೊಯ್ಯುವ ಹಲ್ಲು ಎಣಿಸಬೇಡ, ಕೆಳಗಿನದನ್ನು ಮಾತ್ರ.

ಗೇಜ್ ತಪ್ಪಿದರೆ ಏನಾಗುತ್ತೆ ಅಂತ ಕೇಳಿದ್ದೆ ಅಲ್ವಾ? ದಪ್ಪದ್ದು ಸಂದಿಗೆ ಇಳಿಯುವುದೇ ಇಲ್ಲ, ಅದು ಕೂಡಲೇ ಗೊತ್ತಾಗುತ್ತದೆ. ತೆಳ್ಳಗಿನದೇ ಮೋಸ ಮಾಡುವುದು: ಸಲೀಸಾಗಿ ಕೂರುತ್ತದೆ, ಆಮೇಲೆ ಆಚೀಚೆ ವಾಲಾಡಿ ದಿಮ್ಮಿಯಲ್ಲಿ ಸೊಟ್ಟ ಕೊಯ್ಯುತ್ತದೆ. ಪಿಚ್ ತಪ್ಪಿದ ಚೈನನ್ನಂತೂ ಬಲವಂತವಾಗಿ ಓಡಿಸಲೇಬೇಡ. ಚೈನ್ ತಿರುಗಿಸುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಅದರ ಮೇಲೆ ಹಾರಿ ಹಾರಿ ಅದನ್ನೂ ತಿನ್ನುತ್ತದೆ, ಕಳಚಿ ಬಂದರೆ ಕೈಕಾಲಿಗೇ ಅಪಾಯ.

ಹುಲ್ಲು ಹೊಡೆಯುವ ಮೆಷಿನ್‌ದೂ ಹೀಗೇ. ಬ್ಲೇಡ್‌ನ ನಡುವಿನ ತೂತು ಅಳೆ, ಜಾಸ್ತಿ ಕಡೆ 25.4 ಮಿ.ಮೀ., ಕೆಲವಕ್ಕೆ 20. ಅದರ ನಟ್ ಸಾಮಾನ್ಯವಾಗಿ ಉಲ್ಟಾ ತಿರುಪಿನದು, ಬಿಚ್ಚುವುದಕ್ಕೆ ಬಲಕ್ಕೆ ತಿರುಗಿಸಬೇಕು.

ಬಾರ್‌ನ ತುದಿ, ಸ್ಕೇಲ್ ಪಕ್ಕದ ಚೈನ್, ಸ್ಪ್ರಾಕೆಟ್, ಈ ಮೂರರ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಕಳಿಸು. ಹಲ್ಲಿನ ಲೆಕ್ಕ ಕೆಳಗೆ ಬರೆದಿರು. ಅಲ್ಲಿಯವರೆಗೆ ದುಡ್ಡು ಕಟ್ಟಬೇಡ.

ನಿನ್ನ ದೊಡ್ಡಪ್ಪ