ಆ ಒಂದೇ ಸಾಲಿನ ಬಗ್ಗೆ

ಸುಮಾ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ನಿನ್ನ ಕೆಲಸದ ಬಗ್ಗೆ ನೀನೇ ಆಫೀಸಿಗೆ ಬರೆದು ಕೊಡಬೇಕಾದ ವರದಿಯ ವಿಷಯದಲ್ಲಿ "ನನ್ನ ಕೆಲಸ ನಾನೇ ಎಣಿಸಿ ಬರೆದರೆ ಜಂಬ ಅಂತಾರೆ ದೊಡ್ಡಪ್ಪ, ಅದಕ್ಕೆ ವಹಿಸಿದ ಕೆಲಸ ಸರಿಯಾಗಿ ಮಾಡಿದ್ದೇನೆ ಅಂತ ಒಂದೇ ಸಾಲು ಹಾಕಿಬಿಡ್ತೀನಿ" ಎಂದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ನನಗೆ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ. ಅದೇ ಸಾಲನ್ನು ನಾನು ಇಪ್ಪತ್ತಾರು ವರ್ಷ ಬರೆದೆ.

ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಕೆಲಸ ಮಾಡುವಾಗ ಒಂದು ಉಪಕಾಲುವೆಯ ಕೊನೆಯ ತೂಬಿಗೆ ನೀರು ಮುಟ್ಟಲು 9 ದಿನ ಹಿಡಿಯುತ್ತಿತ್ತು. ಇಬ್ಬರು ನೀರಗಂಟಿಗಳ ಜೊತೆ ಕೂತು ಮೇಲಿನ ತೂಬುಗಳಿಗೆ ಸರದಿ ಹಾಕಿದೆವು. ಎರಡು ಹಂಗಾಮಿನಲ್ಲಿ ಅದು 5 ದಿನಕ್ಕೆ ಇಳಿಯಿತು. ವರದಿಯಲ್ಲಿ ನಾನು ಅದನ್ನು ಬರೆಯಲಿಲ್ಲ, ನಿನಗಿರುವ ಭಯವೇ ನನಗೂ ಇತ್ತು. ನನಗೆ ವರ್ಗವಾದ ಮೇಲೆ ಬಂದವರಿಗೆ ಅಂಥದ್ದೊಂದು ಸರದಿ ಇತ್ತೆಂದೇ ತಿಳಿಯಲಿಲ್ಲ, ಎಲ್ಲ ಮೊದಲಿನ ಹಾಗೇ ಆಯಿತು. ಆ ಇಬ್ಬರ ಹೆಸರೂ ಯಾವ ಕಾಗದದಲ್ಲೂ ಇಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ನೀನು ಪಾವತಿ ಮಾಡುವ ಬಿಲ್ಲುಗಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಆಫೀಸಿನ ರೀತಿ ನನಗೆ ಗೊತ್ತಿಲ್ಲ, ತಪ್ಪಿದ್ದರೆ ಬಿಟ್ಟುಬಿಡು. ಬಿಲ್ ಬಂದ ದಿನದಿಂದ ಹಣ ಹೋಗುವವರೆಗೆ ಹೋದ ಲೆಕ್ಕದ ವರ್ಷದ ಸೆಪ್ಟೆಂಬರ್‌ನಲ್ಲಿ ಸರಾಸರಿ 11 ದಿನ, ಈ ಲೆಕ್ಕದ ವರ್ಷದ ಸೆಪ್ಟೆಂಬರ್‌ನಲ್ಲಿ 8, ಈಗ ಮಾರ್ಚ್‌ಗೆ 6 ಎಂದು ಬರೆದಿದ್ದೀಯ. "ನಾನು 11ರಿಂದ 6ಕ್ಕೆ ಇಳಿಸಿದೆ" ಎಂದು ಬರೆದರೆ ಅದು ನಿಜಕ್ಕೂ ಜಂಬವೇ, ಯಾಕೆಂದರೆ ಅಕ್ಟೋಬರ್‌ನಲ್ಲಿ ಹೊಸ ಸಾಫ್ಟ್‌ವೇರ್ ಬಂತು. ಅದಕ್ಕೂ ಮುಂಚೆ ಇಳಿದ 3 ದಿನದಲ್ಲಿ ನಿನ್ನ ಪಾಲು ಇದೆ. ಹಾಗಾಗಿ ಹೀಗೆ ಬರೆಯಬಹುದೇನೋ:

"ಆರ್ಡರ್ ನಂಬರ್ ಇಲ್ಲದ ಬಿಲ್ಲುಗಳನ್ನು ಬಂದ ದಿನವೇ ವಾಪಸ್ ಕಳಿಸಲು ನಾನು ಒಂದು ಪುಟದ ಪಟ್ಟಿ ಮಾಡಿದೆ, ತಂಡದ ನಾಲ್ವರೂ ಬಳಸಿದೆವು. ಹೋದ ಲೆಕ್ಕದ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಲ್ಲಿಗೆ ಹಣ ಹೋಗಲು ಸರಾಸರಿ 11 ದಿನ ಹಿಡಿಯುತ್ತಿತ್ತು, ಈ ಸೆಪ್ಟೆಂಬರ್ ಹೊತ್ತಿಗೆ 8 ಆಯಿತು. ನಂತರದ ಇಳಿಕೆಗೆ ಹೊಸ ಸಾಫ್ಟ್‌ವೇರ್ ಕಾರಣವಿರಬಹುದು. ಈ ಲೆಕ್ಕ ತೆಗೆದದ್ದು ಪಾವತಿ ರಿಜಿಸ್ಟರ್‌ನಿಂದ."

ಇದರಲ್ಲಿ ಹೊಗಳಿಕೆಯ ಒಂದು ಪದವಾದರೂ ಇದೆಯಾ ನೋಡು. ಯಾರು ಬೇಕಾದರೂ ರಿಜಿಸ್ಟರ್ ತೆರೆದು ಎಣಿಸಬಹುದು. ಏಪ್ರಿಲ್ ಜೊತೆಯಂತೂ ಹೋಲಿಸಬೇಡ, ವರ್ಷಾಂತ್ಯದ ಬಿಲ್ಲುಗಳ ರಾಶಿ ಆ ತಿಂಗಳಿಗೆ ಬೀಳುತ್ತದೆ, ಆಗ ನಿನ್ನ ಸಾಧನೆ ಸುಮ್ನೆ ದೊಡ್ಡದಾಗಿ ಕಾಣುತ್ತದೆ. ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿದ್ದೇ ಸರಿ.

ಜನವರಿಯಲ್ಲಿ ಒಂದು ಬಿಲ್ಲಿಗೆ ಎರಡು ಸಲ ಹಣ ಹೋಯಿತು ಎಂದೆಯಲ್ಲ, ಅದನ್ನೂ ಬರೆ. ಹೇಗೆ ಸಿಕ್ಕಿತು, ಹಣ ವಾಪಸ್ ಬಂತಾ ಅಷ್ಟು ಸಾಕು.

ಮತ್ತೆ ಅಲ್ಲಿಗೇ ಬರುತ್ತಿದ್ದೇನೆ, ಬೇಜಾರಾಗಬೇಡ. ಜಂಬ ಆಯಿತೇನೋ ಅನ್ನಿಸಿದರೆ, ಕಳಿಸುವ ಮುಂಚೆ ನಿನ್ನ ಜೊತೆ ಆ ಪಟ್ಟಿ ಬಳಸಿದವರಲ್ಲಿ ಒಬ್ಬರಿಗೆ ಓದಿ ಹೇಳು. ಅವರು ಎಲ್ಲಿ "ಅದು ನಾವೂ ಮಾಡಿದ್ದಲ್ವಾ" ಅಂತಾರೋ, ಆ ಸಾಲು ತಿದ್ದು. ನನ್ನ ನೀರಗಂಟಿಗಳಿಗೆ ನಾನು ಹಾಗೆ ಓದಿ ಹೇಳಲೇ ಇಲ್ಲ.

ನಿನ್ನ ದೊಡ್ಡಪ್ಪ
ಸಿಂಧನೂರು