ಮಗಳಿಗೊಂದು ಪತ್ರ: ಪಾಸ್ಕಾ ಎಂಬ ಹೆಂಗಸಿನ ವಿಚಾರ

ಪುಟ್ಟಿ,

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ನಿನ್ನ ದೊಡ್ಡಮ್ಮ "ಕುದುರೆ ಮೇಲೆ ಬಂದು ಊರೂರು ಸುಟ್ಟವರ ದೇಶಕ್ಕೆ ಹುಡುಗೀನ ಕಳಿಸ್ತಿದ್ದೀರಲ್ಲ" ಅಂದರು. ನಾನು ಸುಮ್ಮನೆ ಅನ್ನ ಕಲಸುತ್ತಾ ಕೂತೆ ಅಂತ ನಿನಗೆ ಸಿಟ್ಟು. "ಇಷ್ಟು ವರ್ಷ ಕಾಲೇಜಲ್ಲಿ ಚರಿತ್ರೆ ಪಾಠ ಮಾಡಿದವಳು ನೀನು. ಆ ಜನ ಚೀನಾದಿಂದ ಯುರೋಪಿನ ತನಕ ಜಗತ್ತನ್ನ ಜೋಡಿಸಿದರು ಅಂತ ಒಂದು ಮಾತು ಹೇಳೋಕೆ ಆಗ್ಲಿಲ್ವಾ ಅಮ್ಮ?" ಅಂತ ಕೇಳಿ ಕೋಣೆಯ ಬಾಗಿಲು ಹಾಕಿಕೊಂಡೆ. ನಾಳಿದ್ದು ಮಂಗೋಲಿಯಾಕ್ಕೆ ನಿನ್ನ ವಿಮಾನ. ಎದುರು ಕೂತು ಮಾತಾಡಿದರೆ ಇಬ್ಬರಿಗೂ ಸಿಟ್ಟು ಬರುತ್ತದೆ, ಅದಕ್ಕೇ ಬರೆದು ನಿನ್ನ ಲ್ಯಾಪ್‌ಟಾಪ್ ಚೀಲದಲ್ಲಿ ಇಡುತ್ತಿದ್ದೇನೆ. ಮಂಡಿನೋವು ಬಿಡದೆ ಇರುವುದರಿಂದ ಏರ್‌ಪೋರ್ಟಿಗೆ ಬರಲಾಗುತ್ತಿಲ್ಲ. ಅದಕ್ಕೆ ಬೇಸರ ಮಾಡಿಕೊಳ್ಳಬೇಡ.

ಜೋಡಿಸಿದ್ದು ನಿಜ. ನನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು, ಹೇಗೆ ಜೋಡಿಸಿದರು ಅನ್ನುವುದು.

ಮಂಗೋಲ ಸವಾರನ ಕೈಯಲ್ಲಿದ್ದ ಬಿಲ್ಲಿನಿಂದ ಶುರು ಮಾಡುತ್ತೇನೆ, ನೀನು ಇಂಜಿನಿಯರ್ ಆದ್ದರಿಂದ ಹಿಡಿಸೀತು. ನಡುವೆ ಮರದ ಪಟ್ಟಿ. ಬಿಲ್ಲುಗಾರನ ಕಡೆಗಿರುವ ಮೈಗೆ ಕೊಂಬಿನ ಪಟ್ಟಿ, ಯಾಕೆಂದರೆ ಕೊಂಬು ಒತ್ತಡ ತಡೆದುಕೊಳ್ಳುತ್ತದೆ. ಆಚೆ ಮೈಗೆ ಪ್ರಾಣಿಯ ಸ್ನಾಯುವಿನ ನಾರು, ಅದು ಎಳೆತ ತಡೆಯುತ್ತದೆ. ಇವನ್ನೆಲ್ಲ ಅಂಟು ಹಾಕಿ ಕೂಡಿಸಿ, ತಿಂಗಳುಗಟ್ಟಲೆ ಒಣಗಿಸುತ್ತಿದ್ದರು. ಉದ್ದ ಕಡಿಮೆ, ಬಲ ಜಾಸ್ತಿ. ಹೀಗಾಗಿ ಕುದುರೆಯ ಕತ್ತಿನ ಮೇಲಿಂದ ಎಡಕ್ಕೂ ಬಲಕ್ಕೂ ತಿರುಗಿಸಬಹುದು, ಓಡುತ್ತಿರುವಾಗಲೇ ಹಿಂದಕ್ಕೆ ತಿರುಗಿ ಹೊಡೆಯಬಹುದು. ಆದರೆ ತೇವ ತಾಗಿದರೆ ಅಂಟು ಸಡಿಲವಾಗುತ್ತದೆ. ಒಣ ಹುಲ್ಲುಗಾವಲಿಗೆ ಹೇಳಿ ಮಾಡಿಸಿದ ಆಯುಧ ಅದು.

ಬಿಲ್ಲಿಗಿಂತ ದೊಡ್ಡ ಆಯುಧ ಕುದುರೆ. ಒಬ್ಬ ಸವಾರನ ಹಿಂದೆ ಖಾಲಿ ಕುದುರೆಗಳು ಮೂರೋ ನಾಲ್ಕೋ ಬರುತ್ತಿದ್ದವು. ಒಂದು ದಣಿದರೆ ಇನ್ನೊಂದನ್ನು ಹತ್ತಬೇಕು. ಹೆಣ್ಣು ಕುದುರೆಯಾದರೆ ಹಾಲೂ ಸಿಕ್ಕಿತು. ಕಾಳುಕಡಿ ಹೊತ್ತ ಬಂಡಿಗಳ ಸಾಲು ಅವರಿಗೆ ಅಷ್ಟಾಗಿ ಬೇಕಿರಲಿಲ್ಲ, ಮೇವು ನೆಲದ ಮೇಲೇ ಬೆಳೆದಿರುತ್ತಿತ್ತು. ಮಂಗೋಲಿಯಾದ ಹಳೆಯ ಮರಗಳ ಉಂಗುರಗಳನ್ನು ಓದಿದವರು 1211ರಿಂದ 1225ರವರೆಗೆ ಅಲ್ಲಿ ಮಳೆ ಚೆನ್ನಾಗಿತ್ತು ಅನ್ನುತ್ತಾರೆ. ಚಿಂಗಿಸ್ ಖಾನ್ ಚೀನಾದ ಉತ್ತರದ ಜಿನ್ ರಾಜ್ಯದ ಮೇಲೂ ಆಮೇಲೆ ಮಧ್ಯ ಏಷ್ಯಾದ ಮೇಲೂ ಬಿದ್ದದ್ದು ಅದೇ ವರ್ಷಗಳಲ್ಲಿ. ಮಳೆ ಅಂದರೆ ಹುಲ್ಲು, ಹುಲ್ಲು ಅಂದರೆ ಕುದುರೆ. ಮಳೆಯೊಂದೇ ಸಾಮ್ರಾಜ್ಯ ಕಟ್ಟಿತು ಅಂತ ನಾನು ನಂಬುವುದಿಲ್ಲ. ಹತ್ತು, ನೂರು, ಸಾವಿರ, ಹತ್ತು ಸಾವಿರ ಅಂತ ದಂಡನ್ನು ಕಟ್ಟಿ, ಹಳೇ ಕುಲಗಳನ್ನು ಒಡೆದು ಆ ಲೆಕ್ಕದೊಳಗೆ ಹಂಚಿದ ಚಿಂಗಿಸನ ತಲೆ ಇಲ್ಲದಿದ್ದರೆ ಆ ಕುದುರೆಗಳೆಲ್ಲ ಒಬ್ಬರ ಹಟ್ಟಿ ಇನ್ನೊಬ್ಬರು ಕೊಳ್ಳೆ ಹೊಡೆಯುವುದರಲ್ಲೇ ಸವೆಯುತ್ತಿದ್ದವು.

ಈಗ ಹಂಗೇರಿಗೆ ಬಾ. 1241ರ ಏಪ್ರಿಲ್ 11, ಶಾಯೋ ನದಿ, ಮೋಹಿ ಎಂಬ ಬಯಲು. ನದಿಯ ಒಂದು ದಡದಲ್ಲಿ ಹಂಗೇರಿಯ ದೊರೆ ನಾಲ್ಕನೇ ಬೇಲಾ. ಗಾಡಿಗಳನ್ನೆಲ್ಲ ಒಂದಕ್ಕೊಂದು ಬಿಗಿದು ಸುತ್ತ ಕೋಟೆ ಮಾಡಿಕೊಂಡು ಒಳಗೆ ಬೀಡುಬಿಟ್ಟಿದ್ದ. ಆಚೆ ದಡದಲ್ಲಿ ಚಿಂಗಿಸನ ಮೊಮ್ಮಗ ಬಾತು, ಜೊತೆಗೆ ಮುದಿ ದಂಡನಾಯಕ ಸುಬುತೈ. ನಡುವೆ ಒಂದು ಸೇತುವೆ. ರಾತ್ರಿ ಹಂಗೇರಿಯವರು ಸೇತುವೆಯಲ್ಲಿ ಮಂಗೋಲರನ್ನು ಹಿಮ್ಮೆಟ್ಟಿಸಿ, ಗೆದ್ದೆವು ಅಂತ ಮಲಗಿದರು. ಬೆಳಗಾಗುವಾಗ ಬಾತುವಿನ ಕಡೆಯವರು ಕಲ್ಲೆಸೆಯುವ ಯಂತ್ರಗಳನ್ನು ತಂದು ನಿಲ್ಲಿಸಿ ಕಾವಲಿನವರನ್ನು ಚದುರಿಸಿದರು. ಅಷ್ಟರಲ್ಲಿ ಸುಬುತೈ ಕೆಳಗಡೆ ಬೇರೆ ಕಡೆಯಿಂದ ನದಿ ದಾಟಿದ್ದ. ಗಾಡಿಕೋಟೆಯೇ ಬೋನಾಯಿತು. ಬಾಣದ ಮಳೆಗೆ ಒಳಗೆ ಓಡಾಡಲೂ ಜಾಗವಿಲ್ಲ. ಆಮೇಲೆ ಮಂಗೋಲರು ಒಂದು ಪಕ್ಕ ಬೇಕೆಂದೇ ತೆರೆದು ಬಿಟ್ಟರು. ಸಾಯುವವರೆಗೂ ನಿಂತು ಹೊಡೆದಾಡುವವನಿಗಿಂತ ಓಡುವವನನ್ನು ಕುದುರೆಯ ಮೇಲಿಂದ ಹೊಡೆಯುವುದು ಸುಲಭ. ಓಡಿದವರನ್ನು ದಾರಿಯುದ್ದಕ್ಕೂ ಕೊಂದರು. ಬೇಲಾ ತಪ್ಪಿಸಿಕೊಂಡು ಕೊನೆಗೆ ಸಮುದ್ರತೀರ ಸೇರಿದ.

ಆ ಕಲ್ಲೆಸೆಯುವ ಯಂತ್ರವನ್ನು ಗಮನಿಸು. ಕುರಿ ಮೇಯಿಸುವವರ ವಿದ್ಯೆಯಲ್ಲ ಅದು. ಚೀನಾದ ಕಡೆಯ, ಮಧ್ಯ ಏಷ್ಯಾದ ಕೋಟೆಗಳನ್ನು ಮುತ್ತುವಾಗ ಸಿಕ್ಕ ಕುಶಲಕರ್ಮಿಗಳಿಂದ ಬಂದದ್ದು. ಊರು ಬಿದ್ದ ಮೇಲೆ ಜನರನ್ನು ಹೊರಗೆ ಬಯಲಿಗೆ ಕರೆಸಿ ಬೇರ್ಪಡಿಸುವುದು ಅವರ ಪದ್ಧತಿ. 1220ರಲ್ಲಿ ಸಮರ್ಕಂದ್ ಬಿದ್ದಾಗಲೂ ಹಾಗೇ ಮಾಡಿದರು: ಕಸುಬು ಬಲ್ಲವರನ್ನು ಒಂದು ಕಡೆ ನಿಲ್ಲಿಸಿ ಖಾನನ ಮಕ್ಕಳಿಗೆ, ಬಂಧುಗಳಿಗೆ ಹಂಚಿದರು. ನೀನು ಹೇಳುವ "ಜೋಡಣೆ" ಬಹಳ ಮಟ್ಟಿಗೆ ಆ ಬಯಲಿನಲ್ಲಿ ಶುರುವಾಯಿತು. ನೇಕಾರ, ಅಕ್ಕಸಾಲಿ, ಬಡಗಿ ಬದುಕಿದ, ಪೂರ್ವಕ್ಕೆ ನಡೆದ. ನೀನು ಕೈಯಲ್ಲಿ ಕಸುಬಿಟ್ಟುಕೊಂಡೇ ಹೋಗುತ್ತಿದ್ದೀಯ. ಅದೂ ಸಂಬಳಕ್ಕೆ, ನಿನ್ನಿಷ್ಟದಂತೆ. ನಮ್ಮ ದೇಶದ ಸಾಲದಲ್ಲಿ ಗೋಬಿಯ ಅಂಚಿನಲ್ಲಿ ತೈಲ ಶುದ್ಧೀಕರಣ ಘಟಕ ಏಳುತ್ತಿದೆ, ಅದರಲ್ಲಿ ನನ್ನ ಮಗಳ ಕೈಯೂ ಇರುತ್ತದೆ ಅಂತ ಹಾಲು ಹಾಕುವವರಿಗೂ ಹೇಳಿಯಾಗಿದೆ. ದೊಡ್ಡಮ್ಮನ ಮುಂದೆ ಮಾತ್ರ ಬಾಯಿ ಬರಲಿಲ್ಲ. ಯಾಕೆಂದರೆ ಅವರು ಆ ಮಾತು ಅಂದ ಕೂಡಲೇ ನನಗೆ ಪಾಸ್ಕಾ ನೆನಪಾದಳು.

ಪಾಸ್ಕಾ ಯಾರು ಅಂದರೆ, ರುಬ್ರುಕ್‌ನ ವಿಲಿಯಂ ಎಂಬ ಕ್ರೈಸ್ತ ಸನ್ಯಾಸಿ 1253ರ ಮೇ ತಿಂಗಳಲ್ಲಿ ಕಾನ್‌ಸ್ಟಾಂಟಿನೋಪಲ್ ಬಿಟ್ಟು ಹುಲ್ಲುಗಾವಲಿನ ದಾರಿ ಹಿಡಿದ. ವೋಲ್ಗಾ ದಡದ ಬಾತುವಿನ ಬೀಡಿನಿಂದ ಅವನನ್ನು ಮಹಾಖಾನ ಮೊಂಗ್ಕೆಯ ಹತ್ತಿರ ಕಳಿಸಿದರು. ಹೊರಡುವ ಮೊದಲೇ ಎಚ್ಚರಿಸಿದ್ದರು: ನಾಲ್ಕು ತಿಂಗಳ ದಾರಿ, ಚಳಿಗೆ ಕಲ್ಲೂ ಮರವೂ ಸೀಳುತ್ತವೆ, ತಡೆದುಕೊಳ್ಳುತ್ತೀಯಾ ನೋಡು ಅಂತ. ಕುರಿಚರ್ಮದ ನಿಲುವಂಗಿ, ಚಲ್ಲಣ, ಕಂಬಳಿ ಕಾಲುಚೀಲ ಕೊಟ್ಟರು. (ನೀನು ಆ ಉಣ್ಣೆಯ ಒಳಬಟ್ಟೆ ಚೀಲದಿಂದ ತೆಗೆದಿಟ್ಟದ್ದನ್ನು ನೋಡಿದ್ದೇನೆ. ಮತ್ತೆ ತುಂಬಿದ್ದೇನೆ.) ಡಿಸೆಂಬರ್ ಕೊನೆಗೆ ಮೊಂಗ್ಕೆಯ ಬೀಡು ತಲುಪಿದ. ಅಲ್ಲಿ ಒಬ್ಬ ಹೆಂಗಸು ಅವನನ್ನು ಹುಡುಕಿಕೊಂಡು ಬಂದಳು. ಈಗಿನ ಫ್ರಾನ್ಸಿನ ಮೆಟ್ಜ್ ಊರಿನವಳು, ಹೆಸರು ಪಾಸ್ಕಾ, ಹಂಗೇರಿಯಲ್ಲಿ ಸೆರೆಸಿಕ್ಕವಳು. ತನ್ನ ಕೈಲಾದಷ್ಟು ಚೆನ್ನಾಗಿ ಅಡುಗೆ ಮಾಡಿ ಬಡಿಸಿದಳು. ಆ ಬೀಡಿಗೆ ಬಂದು ಸೇರುವ ಮೊದಲು ಕೇಳಿರದಂಥ ಕಷ್ಟ ಪಟ್ಟೆ ಅಂದಳು. ಈಗ ಪರವಾಗಿಲ್ಲ, ರಷ್ಯದ ಕಡೆಯ ಎಳೆಯ ಗಂಡನಿದ್ದಾನೆ, ಮೂರು ಮುದ್ದಾದ ಗಂಡುಮಕ್ಕಳಿದ್ದಾರೆ, ಗಂಡನಿಗೆ ಮನೆ ಕಟ್ಟುವ ಕೆಲಸ ಗೊತ್ತು, ಇಲ್ಲಿ ಅದಕ್ಕೆ ಒಳ್ಳೆ ಬೆಲೆ ಅಂದಳು.

ಕೆಲವೇ ಸಾಲು, ಅಷ್ಟೇ. ಪಾಠ ಹೇಳುವಾಗ ಪ್ರತಿವರ್ಷ ಈ ಸಾಲುಗಳ ಹತ್ತಿರ ನಾನು ನಿಲ್ಲುತ್ತಿದ್ದೆ, ಹುಡುಗರು ಗಡಿಯಾರ ನೋಡುತ್ತಿದ್ದರು. ಕೇಳಿರದಂಥ ಕಷ್ಟ ಅಂದರೆ ಏನು? ರುಬ್ರುಕ್ ಬರೆಯಲಿಲ್ಲ. ಹನ್ನೆರಡು ಚಳಿಗಾಲ ಆಗಿರಬೇಕು ಅಷ್ಟು ಹೊತ್ತಿಗೆ. ಒಬ್ಬ ಪರಿಚಯದ ಭಾಷೆಯವನು ಬಂದಿದ್ದಾನೆ ಅಂತ ಕೇಳಿ ಅವಳು ಮೊದಲು ಮಾಡಿದ್ದು ಅಡುಗೆ! ಇನ್ನೂ ಒಂದಿದೆ. ಮಂಗೋಲರ ರಾಜಧಾನಿ ಕಾರಾಕೋರಂನಲ್ಲಿ ಗಿಯೋಂ ಬುಶಿಯೆ ಎಂಬ ಪ್ಯಾರಿಸ್ಸಿನ ಅಕ್ಕಸಾಲಿ ಇದ್ದಾನೆ ಅಂತ ಹೇಳಿದವಳೂ ಅವಳೇ. ಅವನೂ ಹಂಗೇರಿಯಲ್ಲೇ ಸೆರೆಸಿಕ್ಕವನು. ಅವನ ಅಪ್ಪನ ಹೆಸರು, ಪ್ಯಾರಿಸ್ಸಿನ ದೊಡ್ಡ ಸೇತುವೆಯ ಮೇಲೆ ಮನೆಯಿರುವ ಅವನ ಸೋದರ ರೋಜರನ ಹೆಸರು, ಎಲ್ಲವೂ ರುಬ್ರುಕ್ ಬರೆದ ವರದಿಯಲ್ಲಿ ಇದೆ. ಸನ್ಯಾಸಿ ಹಿಂದಿರುಗುವಾಗ ಆ ಅಕ್ಕಸಾಲಿ ಫ್ರಾನ್ಸಿನ ದೊರೆಗೆ ಒಂದು ನಡುಕಟ್ಟನ್ನೂ ನಮಸ್ಕಾರವನ್ನೂ ಕಳಿಸಿದ. ಪಾಸ್ಕಾಳ ಅಪ್ಪನ ಹೆಸರಿಲ್ಲ, ಮೆಟ್ಜ್‌ನಲ್ಲಿ ಅವಳ ಮನೆ ಎಲ್ಲಿ ಅಂತಿಲ್ಲ, ಅವಳು ಕಳಿಸಿದ ಸುದ್ದಿ ಅಂತ ಒಂದು ಮಾತೂ ಇಲ್ಲ.

ಅಲ್ಲಿ ಸುದ್ದಿ ಓಡಾಡುತ್ತಿರಲಿಲ್ಲ ಅಂದುಕೊಳ್ಳಬೇಡ. ಅಂಚೆ ಅವರಷ್ಟು ಚೆನ್ನಾಗಿ ನಡೆಸಿದವರು ಆಗ ಕಡಿಮೆ. ಚಿಂಗಿಸನ ಮಗ ಒಗೆದೆಯ್ ಯಾಮ್ ಎಂಬ ವ್ಯವಸ್ಥೆಯನ್ನು ನೆಲೆಗೊಳಿಸಿದ. ದಾರಿಯುದ್ದಕ್ಕೂ ಕಟ್ಟೆಗಳು, ಅಲ್ಲಿ ಸಿದ್ಧ ಕುದುರೆ, ಊಟ. ಅವನ್ನು ಒದಗಿಸಲು ಗೊತ್ತುಮಾಡಿದ ಮನೆಗಳು. ಖಾನನ ಲೋಹದ ಫಲಕ ತೋರಿಸಿದವನಿಗೆ ಹೊಸ ಕುದುರೆ. ಕೆಲವು ದಿನ ರುಬ್ರುಕ್ ಎರಡು ಮೂರು ಸಲ ಕುದುರೆ ಬದಲಿಸಿದ್ದಾನೆ, ದಪ್ಪಗಿದ್ದದ್ದರಿಂದ ಗಟ್ಟಿ ಕುದುರೆಯನ್ನೇ ಕೊಡುತ್ತಿದ್ದರಂತೆ. ವ್ಯಾಪಾರಿಗಳು ಆ ಕುದುರೆಗಳನ್ನು ಸ್ವಂತ ಲಾಭಕ್ಕೆ ಬಳಸಿ ಬಳಸಿ ಜನ ಬೇಸತ್ತಾಗ ಮೊಂಗ್ಕೆ ಅದನ್ನು ನಿಲ್ಲಿಸಬೇಕಾಯಿತು. ಅಂದರೆ ರಾಜನ ಅಪ್ಪಣೆ ಹೋಯಿತು, ರಾಯಭಾರಿ ಹೋದ, ವ್ಯಾಪಾರಿಯೂ ನುಸುಳಿದ. ಮೆಟ್ಜ್‌ನಲ್ಲಿ ಕೂತ ಒಬ್ಬ ತಾಯಿಗೆ ಮಗಳು ಬದುಕಿದ್ದಾಳೆ, ಮೂರು ಮಕ್ಕಳಾಗಿವೆ ಅನ್ನುವ ಸುದ್ದಿ ಮಾತ್ರ ಆ ದಾರಿಯಲ್ಲಿ ಹೋಗಲಿಲ್ಲ.

ನಿನ್ನನ್ನು ಅವಳಿಗೆ ಹೋಲಿಸುತ್ತಿದ್ದೇನೆ ಅಂತ ರೇಗಬೇಡ. ಗೊತ್ತು, ವೀಡಿಯೊ ಕಾಲ್ ಇದೆ. ಆದರೆ ನೀನು ಸೈಟಿನಲ್ಲಿದ್ದಾಗ ಫೋನ್ ಎತ್ತದಿರುವುದು ಬೆಂಗಳೂರಲ್ಲೇ ನೋಡಿದ್ದೇನೆ. ದಿನಾ ಬೇಡ, ವಾರಕ್ಕೆ ಎರಡು ಸಲ ಮೆಸೇಜ್ ಹಾಕು. ಊಟ ಆಯ್ತು ಅಂತ ಸುಳ್ಳು ಹಾಕಬೇಡ, ಏನು ತಿಂದೆ ಅಂತ ಹಾಕು. ಪಾಸ್‌ಪೋರ್ಟಿನ ಪ್ರತಿ ಬೇರೆ ಚೀಲದಲ್ಲಿರಲಿ. ಒಪ್ಪಂದದಲ್ಲಿ ಕೆಲಸದ ಅವಧಿ ಎಷ್ಟು ಅಂತಿದೆಯೋ ಅದನ್ನು ಮತ್ತೊಮ್ಮೆ ಓದು. ಅಲ್ಲಿಯ ಜನರ ಮುಂದೆ ಚಿಂಗಿಸನ ವಿಚಾರದಲ್ಲಿ ವಾದಕ್ಕಿಳಿಯಬೇಡ, ಅವರಿಗೆ ಅವನು ದೇಶದ ಮೂಲಪುರುಷ. ನೋಡು, ಪಾಠ ಶುರುವಾಯಿತು, ಬಿಟ್ಟೆ.

ದೊಡ್ಡಮ್ಮನಿಗೆ ನಾನೇ ಹೇಳುತ್ತೇನೆ. ಕಾರಾಕೋರಂನಲ್ಲಿ ಬೇರೆ ಬೇರೆ ಜನರ ಹನ್ನೆರಡು ದೇವಾಲಯ, ಎರಡು ಮಸೀದಿ, ಒಂದು ಇಗರ್ಜಿ ಮಣ್ಣಿನ ಗೋಡೆಯೊಳಗೆ ಒಟ್ಟಿಗೆ ಇದ್ದವು ಅಂತ. 1254ರಲ್ಲಿ ಖಾನ ಮೂರೂ ಮತದವರನ್ನು ಕೂರಿಸಿ ವಾದ ಮಾಡಿಸಿದ, ಬೈದಾಡಿದವರಿಗೆ ಮರಣದಂಡನೆ ಅಂತ ಮೊದಲೇ ಸಾರಿದ್ದ ಅಂತ. ಅವರು ಒಪ್ಪುವುದಿಲ್ಲ, ಒಪ್ಪದಿದ್ದರೆ ಬೇಡ.

ನಿನಗೆ ನಾಲ್ಕು ದಿನ ರಜೆ ಸಿಕ್ಕರೆ ಖಾರ್‌ಖೋರಿನ್‌ಗೆ ಹೋಗು. ಹಳೇ ಕಾರಾಕೋರಂ ಅಲ್ಲೇ ಇದ್ದದ್ದು. ಅಕ್ಕಸಾಲಿ ಖಾನನ ಅರಮನೆಗೆ ಮಾಡಿಕೊಟ್ಟ ಬೆಳ್ಳಿ ಮರ, ಬುಡದ ಸಿಂಹಗಳ ಬಾಯಿಂದ ಕುದುರೆ ಹಾಲು ಸುರಿಸುತ್ತಿದ್ದದ್ದು, ಈಗ ಇಲ್ಲ. ಹಳೇ ಊರಿನ ಕಲ್ಲುಗಳನ್ನು ತೆಗೆದು 1585ರಲ್ಲಿ ಕಟ್ಟಲು ಶುರುಮಾಡಿದ ಎರ್ದೆನೆ ಜೂ ವಿಹಾರ ಇದೆ, ಹತ್ತಿರವೇ ಕಲ್ಲಿನ ಆಮೆ ಇದೆ. ಕುಶಲಕರ್ಮಿಗಳ ಕೇರಿಯನ್ನು ಅಗೆದವರಿಗೆ ಸಿಕ್ಕ ವಸ್ತುಗಳು ಅಲ್ಲಿನ ಮ್ಯೂಸಿಯಮ್ಮಿನಲ್ಲಿವೆ. ಲೋಹದ ಕೆಲಸದವರ ಕುಲುಮೆ ಎಲ್ಲಿ ಸಿಕ್ಕಿತು ಅಂತ ಕೇಳಿ, ಫೋಟೋ ತೆಗೆದು ಕಳಿಸು. ಒಂದರಲ್ಲಾದರೂ ನೀನು ಇರಬೇಕು, ಟೋಪಿ ಹಾಕಿಕೊಂಡು.

ನಿನ್ನ,
ಅಮ್ಮ